ಜಪಾನಿನ ಮನೆಯವರಿಗೆ ಥ್ಯಾಂಕ್ಸ್ ಪತ್ರ: ಅವರ ಸ್ವಾಗತ ಕಾರ್ಡನ್ನೇ ಮುಂದಿಟ್ಟುಕೊಂಡು ಬರೆಯಿರಿ

ಪ್ರಶ್ನೆ: ಕಾಲೇಜಿನ ವಿನಿಮಯ ಕಾರ್ಯಕ್ರಮದಲ್ಲಿ ಜೂನ್‌ನಲ್ಲಿ ಜಪಾನಿಗೆ ಹೋಗಿದ್ದೆ. ಕ್ಯೋಟೊ ಹತ್ತಿರ ಒಂದು ಮನೆಯಲ್ಲಿ ಐದು ದಿನ ಇದ್ದೆ. ಗಂಡ, ಹೆಂಡತಿ, ಒಂದನೇ ಕ್ಲಾಸಿನ ಮಗಳು. ಹೋದ ದಿನವೇ ಕೈಯಲ್ಲಿ ಬರೆದ ಸ್ವಾಗತ ಕಾರ್ಡ್ ಕೊಟ್ಟರು. ಫೋನಿನಲ್ಲಿ ಅನುವಾದ ಮಾಡಿ ಓದಿದೆ. ‘ಮನೆ ಇಕ್ಕಟ್ಟು, ಏನೂ ಇಲ್ಲ, ನಿಧಾನವಾಗಿ ಮಾಡಿ’, ‘ಒಳಗೆ ಮತ್ತು ಮೀನು ಬಳಸದೆ ಪ್ರಯತ್ನಿಸುತ್ತೇನೆ’ ಅಂತೆಲ್ಲ ಬಂತು. ಕೆಳಗೆ ಮಗು ದೆವ್ವದಂಥ ಬಿಳಿ ಗೊಂಬೆ ಬರೆದು ಏನೋ ಗೀಚಿದೆ. ನಾನು ಸಸ್ಯಾಹಾರಿ. ಆಕೆ ದಿನಾ ಬೆಳಿಗ್ಗೆ ನೀರಲ್ಲಿ ನೆನೆದ ಕಪ್ಪು ಎಲೆ ತೋರಿಸಿ ಏನೋ ಹೇಳುತ್ತಿದ್ದರು. ನಾನು ಸುಮ್ನೆ ತಲೆಯಾಡಿಸುತ್ತಿದ್ದೆ. ಒಂದು ದಿನ ನಾನೇ ಚಿತ್ರಾನ್ನ ಮಾಡಿಕೊಟ್ಟೆ. ವಾಪಸ್ ಬಂದು ಹತ್ತು ದಿನವಾಯಿತು. ಥ್ಯಾಂಕ್ಸ್ ಪತ್ರ ಜಪಾನಿಯಲ್ಲೇ ಬರೆಯಬೇಕೆಂದು ಆಸೆ. ಅಕ್ಷರ ಬರುತ್ತದೆ, ಭಾಷೆ ಅಷ್ಟಾಗಿ ಬರಲ್ಲ. ಹೇಗೆ ಬರೆಯಲಿ? ಕಾರ್ಡಿನ ಫೋಟೊ ಕಳಿಸಿದ್ದೇನೆ. (ಶಿವಮೊಗ್ಗದ ಓದುಗರು)

ಉತ್ತರ:

ಮೊದಲು ಒಂದು ಕೆಲಸ ಮಾಡಿಬಿಡಿ. ಅವರ ಫೋನ್ ನಂಬರೋ ‘ಲೈನ್’ ಎಂಬ ಮೆಸೇಜ್ ಆ್ಯಪ್‌ನ ಖಾತೆಯೋ ಇದ್ದರೆ ಇವತ್ತೇ ಎರಡು ಸಾಲು ಕಳಿಸಿ: ಸುಖವಾಗಿ ಮನೆ ಸೇರಿದೆ, ಪತ್ರ ಬರೆಯುತ್ತಿದ್ದೇನೆ, ಅಷ್ಟೆ. ಜಪಾನಿನಲ್ಲಿ ಥ್ಯಾಂಕ್ಸ್ ಪತ್ರವನ್ನು ಬೇಗ ಬರೆಯುವ ರೂಢಿ. ಮೂರ್ನಾಲ್ಕು ದಿನದಲ್ಲಿ, ತೀರಾ ಅಂದರೆ ಒಂದು ವಾರದಲ್ಲಿ ಅಂಚೆಗೆ ಹಾಕುತ್ತಾರೆ. ನಿಮ್ಮದು ತಡವಾಗಿದೆ. ಆದರೆ ಇದೇನೂ ಸರಿಮಾಡಲಾಗದ ತಪ್ಪಲ್ಲ. ತಡವಾಗಿದ್ದಕ್ಕೆ ಹೇಳುವ ಸಿದ್ಧ ವಾಕ್ಯವೇ ಒಂದಿದೆ, ಅದು ಕೆಳಗೆ ಬರುತ್ತದೆ.

ಈಗ ಕಾರ್ಡಿಗೆ ಬರೋಣ. ನಿಮ್ಮ ಪತ್ರದಲ್ಲಿ ಏನಿರಬೇಕು ಅನ್ನುವುದು ಹೆಚ್ಚುಕಡಿಮೆ ಎಲ್ಲವೂ ಆ ಕಾರ್ಡಿನಲ್ಲೇ ಇದೆ. ಫೋನು ಅದನ್ನು ಸರಿಯಾಗಿ ಓದಿಲ್ಲ, ಅಷ್ಟೆ.

ಮೊದಲ ಎರಡು ಸಾಲು ಸುಲಭ. ‘ಯೋಕೊಸೊ’, ಅಂದರೆ ಸ್ವಾಗತ. ಅಷ್ಟು ದೂರದಿಂದ ಬಂದಿದ್ದಕ್ಕೆ ಥ್ಯಾಂಕ್ಸ್. ಆಮೇಲೆ ಫೋನು ‘ನಾನು ಖುಷಿಪಡುತ್ತಿದ್ದೆ’ ಎಂದು ಕೊಟ್ಟಿರಬಹುದು. ಅಲ್ಲಿರುವುದು ‘ತನೊಶಿಮಿ ನಿ ಶಿತೆ ಇಮಶಿತ’. ಅಂದರೆ, ಎದುರು ನೋಡುತ್ತಿದ್ದೆವು. ಯಾರು ಎದುರು ನೋಡುತ್ತಿದ್ದರು ಎಂದು ವಾಕ್ಯದಲ್ಲಿ ಇಲ್ಲ. ಕನ್ನಡದಲ್ಲೂ ನಾವು ‘ನಾನು, ನಾವು’ ಬಿಟ್ಟು ಮಾತಾಡುತ್ತೇವೆ, ಆದರೆ ಕ್ರಿಯಾಪದದ ಕೊನೆಯಲ್ಲಿ ಸುಳಿವು ಸಿಗುತ್ತದೆ. ಜಪಾನಿಯಲ್ಲಿ ಆ ಸುಳಿವೂ ಇಲ್ಲ. ಹಾಗಾಗಿ ಫೋನು ಊಹೆ ಮಾಡುತ್ತದೆ. ಊಹೆ ತಪ್ಪಿದರೆ, ಅವರು ನಿಮ್ಮ ಬಗ್ಗೆ ಹೇಳಿದ್ದು ಅವರ ಬಗ್ಗೆ ಹೇಳಿಕೊಂಡ ಹಾಗೆ ಕಾಣುತ್ತದೆ. ಅನುವಾದದಲ್ಲಿ ‘ನಾನು, ನೀನು, ಅವಳು’ ಬಂದ ಕಡೆಯೆಲ್ಲ ಒಂದು ಸಲ ಅನುಮಾನದಿಂದ ನೋಡಿ.

‘ಮನೆ ಇಕ್ಕಟ್ಟು, ಏನೂ ಇಲ್ಲ’ ಅನ್ನುವುದು ಪದಕ್ಕೆ ಪದ ಸರಿಯೇ. ಆದರೆ ಅದು ಮನೆಯ ವರ್ಣನೆ ಅಲ್ಲ. ನಮ್ಮಲ್ಲಿ ಹದಿನಾರು ಬಗೆ ಬಡಿಸಿಟ್ಟು ‘ಏನೂ ಮಾಡಕ್ಕಾಗ್ಲಿಲ್ಲ, ಸುಮ್ನೆ ಅನ್ನ ಸಾರು’ ಅಂತಾರಲ್ಲ, ಅದೇ ಧಾಟಿ. ‘ನಿಧಾನವಾಗಿ ಮಾಡಿ’ ಎಂದು ಬಂದದ್ದು ‘ಯುಕ್ಕುರಿ ಶಿತೆ ಕುದಸಯ್’. ನಾವಾದರೆ ‘ಆರಾಮಾಗಿರಿ’ ಅನ್ನುತ್ತಿದ್ದೆವು. ಅದರ ಪಕ್ಕದಲ್ಲಿ ‘ಎನ್ರ್ಯೊ’ ಎಂಬ ಪದವಿದೆ. ಸಂಕೋಚ ಮಾಡ್ಕೋಬೇಡಿ ಅಂತ.

ಇಲ್ಲಿ ಒಂದು ಎಚ್ಚರ. ಉತ್ತರ ಬರೆಯುವಾಗ ಕೆಲವರು ಕಾರ್ಡಿನ ಪದಗಳನ್ನೇ ಎತ್ತಿಕೊಂಡು ‘ನಿಮ್ಮ ಇಕ್ಕಟ್ಟಾದ ಮನೆ ನನಗೆ ತುಂಬಾ ಹಿಡಿಸಿತು’ ಎಂದು ಬರೆದುಬಿಡುತ್ತಾರೆ. ಅವರು ತಮ್ಮ ಮನೆಯನ್ನು ಕಡಿಮೆ ಮಾಡಿ ಹೇಳಿಕೊಳ್ಳಬಹುದು, ನೀವು ಹೇಳುವ ಹಾಗಿಲ್ಲ. ‘ಛೆ ಛೆ, ದೊಡ್ಡದಾಗಿತ್ತು’ ಎಂದು ವಾದ ಮಾಡುವುದೂ ಬೇಡ. ಆ ಎರಡು ಮಾತನ್ನು ಹಾಗೇ ಬಿಟ್ಟುಬಿಡಿ. ಕಾರ್ಡಿನಲ್ಲಿ ‘ನಿಮ್ಮ ಮನೆ ಅಂದುಕೊಳ್ಳಿ’ ಎಂದೂ ಬರೆದಿದ್ದಾರೆ, ಅದಕ್ಕೆ ಮಾತ್ರ ಉತ್ತರ ಕೊಡಿ.

ಈಗ ಆ ‘ಒಳಗೆ ಮತ್ತು ಮೀನು’. ಇದು ನಿಮ್ಮ ಕಾರ್ಡಿನ ಮುಖ್ಯವಾದ ಸಾಲು, ಫೋನು ಎಡವಿದ್ದೂ ಇಲ್ಲೇ. ಜಪಾನಿಯಲ್ಲಿ ‘ಒಳಗೆ’ ಮತ್ತು ‘ಮಾಂಸ’ ಎರಡರ ಚಿತ್ರಾಕ್ಷರವೂ ಮೇಲಿನಿಂದ ಮುಚ್ಚಿದ, ಕೆಳಗೆ ತೆರೆದ ಚೌಕಟ್ಟಿನ ಹಾಗಿರುತ್ತದೆ. ಚೌಕಟ್ಟಿನಲ್ಲಿ ಮನುಷ್ಯನ ಕಾಲಿನಂಥ ಗೀಟು ಒಂದೇ ಜೊತೆ ಇದ್ದರೆ ‘ಒಳಗೆ’. ಒಂದರ ಕೆಳಗೊಂದು ಎರಡು ಜೊತೆ ಇದ್ದರೆ ‘ಮಾಂಸ’. ಅಚ್ಚಿನಲ್ಲಿ ಗೊಂದಲವಿಲ್ಲ. ಕೈಬರಹದಲ್ಲಿ ಎರಡು ಜೊತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದೆ, ಎರಡು ಜೊತೆ ಇವೆ. ಜೊತೆಗೆ, ಆಕೆ ನಿಮಗೆ ಸುಲಭವಾಗಲಿ ಎಂದು ಕಷ್ಟದ ಅಕ್ಷರಗಳ ಮೇಲೆ ಸಣ್ಣದಾಗಿ ಉಚ್ಚಾರ ಬರೆದಿದ್ದಾರೆ. ಅಲ್ಲಿ ‘ನಿಕು’ ಎಂದು ಸ್ಪಷ್ಟವಾಗಿದೆ. ನಿಕು ಅಂದರೆ ಮಾಂಸ. ತಮಾಷೆ ಏನೆಂದರೆ, ಓದುವವರಿಗೆ ನೆರವಾಗಲೆಂದು ಬರೆದ ಈ ಸಣ್ಣ ಅಕ್ಷರವೇ ಕ್ಯಾಮೆರಾಗೆ ತೊಡಕು. ಅದನ್ನು ಬೇರೆ ಸಾಲು ಎಂದುಕೊಂಡು ವಾಕ್ಯವನ್ನೇ ಕಲಸಿಬಿಡುತ್ತದೆ. ಮುಂದೆ ಇಂಥ ಕಾರ್ಡು ಸಿಕ್ಕಾಗ ಕ್ಯಾಮೆರಾ ಬಿಟ್ಟು, ಆ ಸಣ್ಣ ಅಕ್ಷರಗಳನ್ನು ನೀವೇ ಟೈಪ್ ಮಾಡಿ. ನಿಮಗೆ ಅಕ್ಷರ ಬರುತ್ತದೆ ಅಂದಿರಲ್ಲ, ಅಷ್ಟು ಸಾಕು. ಉಚ್ಚಾರ ಬರೆಯದ ಚಿತ್ರಾಕ್ಷರವಾದರೆ ಕೀಬೋರ್ಡಿನಲ್ಲಿ ಬೆರಳಿಂದ ಬರೆಯುವ ಆಯ್ಕೆ ಹಾಕಿ ಒಂದೊಂದಾಗಿ ಬಿಡಿಸಿ ನೋಡಿ.

ಹಾಗಾದರೆ ಆ ಸಾಲಿನ ಮಾತು ಇದು: ‘ನಿಮ್ಮ ಬಾಯಿಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಮಾಂಸ, ಮೀನು ಬಳಸದ ಅಡುಗೆ ಮಾಡಿ ನೋಡುತ್ತೇನೆ.’

ಈ ಮಾತಿನ ತೂಕ ತಿಳಿಯಬೇಕಾದರೆ ಜಪಾನಿ ಅಡುಗೆಮನೆಯ ಒಂದು ವಿಷಯ ಗೊತ್ತಿರಬೇಕು. ಅಲ್ಲಿ ಮಾಂಸ ಬಿಡುವುದು ಸುಲಭ, ಮೀನು ಬಿಡುವುದು ಕಷ್ಟ. ಮಿಸೊ ಸಾರು, ಬೇಯಿಸಿದ ತರಕಾರಿ, ನೂಡಲ್ಸ್‌ನ ರಸ, ಎಲ್ಲದರ ತಳದಲ್ಲಿ ‘ದಶಿ’ ಎಂಬ ತಿಳಿರಸ ಇರುತ್ತದೆ. ಸಾಮಾನ್ಯವಾಗಿ ಅದನ್ನು ಹೊಗೆ ಹಿಡಿಸಿ ಒಣಗಿಸಿದ ಮೀನಿನ ತೆಳು ಚೂರುಗಳಿಂದಲೋ ಒಣಗಿಸಿದ ಸಣ್ಣ ಮೀನಿನಿಂದಲೋ ತೆಗೆಯುತ್ತಾರೆ. ಅಂಗಡಿಯ ದಶಿ ಪುಡಿಯಲ್ಲೂ ಸಾಮಾನ್ಯವಾಗಿ ಮೀನೇ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೂ ಸಾರಿನಲ್ಲಿ ಮೀನಿರುತ್ತದೆ. ಇದನ್ನು ತಪ್ಪಿಸಲು ಒಂದು ದಾರಿ ಕೊಂಬು, ಅಂದರೆ ಒಣಗಿಸಿದ ದಪ್ಪ ಕಡಲಪಾಚಿ. ಅದನ್ನು ತಣ್ಣೀರಿನಲ್ಲಿ ಕಡಿಮೆ ಅಂದರೂ ಅರ್ಧ ಗಂಟೆ, ಚೆನ್ನಾಗಿ ಬರಬೇಕೆಂದರೆ ರಾತ್ರಿಯಿಡೀ ನೆನೆಹಾಕಬೇಕು. ಆಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿ ಬರುವ ಮೊದಲೇ ಎಲೆ ತೆಗೆಯಬೇಕು. ಬೌದ್ಧ ದೇವಾಲಯಗಳ ಸಸ್ಯಾಹಾರದಲ್ಲಿ ಕೊಂಬು ಮತ್ತು ಒಣಗಿಸಿದ ಶೀತಕೆ ಅಣಬೆಯಿಂದಲೇ ದಶಿ ಮಾಡುತ್ತಾರೆ.

ನಿಮಗೆ ದಿನಾ ಬೆಳಿಗ್ಗೆ ತೋರಿಸುತ್ತಿದ್ದ ಕಪ್ಪು ಎಲೆ ಕೊಂಬುವೇ ಇರಬೇಕು. ‘ನೋಡಿ, ಮೀನಿಲ್ಲ, ಇದರಿಂದ ಮಾಡಿದ್ದು, ಧೈರ್ಯವಾಗಿ ತಿನ್ನಿ’ ಎಂದು ಹೇಳುತ್ತಿದ್ದಿರಬಹುದು. ಹಿಂದಿನ ರಾತ್ರಿಯೇ ಅದನ್ನು ನೆನೆಹಾಕಿಟ್ಟು ಮಲಗಿದ್ದಾರೆ. ಕಾರ್ಡಿನಲ್ಲಿ ಕೊಟ್ಟ ಮಾತನ್ನು ಐದು ದಿನವೂ ಉಳಿಸಿಕೊಂಡಿದ್ದಾರೆ. ನೀವು ಥ್ಯಾಂಕ್ಸ್ ಹೇಳಬೇಕಾದ್ದು ಇದಕ್ಕೆ. ‘ಊಟ ಚೆನ್ನಾಗಿತ್ತು, ಎಲ್ಲದಕ್ಕೂ ಧನ್ಯವಾದ’ ಎಂದಷ್ಟೇ ಬರೆದರೆ ಅದು ಯಾರ ಮನೆಗಾದರೂ ಕಳಿಸಬಹುದಾದ ಪತ್ರ. ಕೊಂಬು ಹೆಸರು ಬಂದರೆ ಆಕೆಯೊಬ್ಬರಿಗೇ ಬರೆದ ಪತ್ರ.

ಇನ್ನು ಆ ದೆವ್ವ. ಅದು ದೆವ್ವ ಅಲ್ಲ! ‘ತೆರು ತೆರು ಬೋಜು’ ಎಂಬ ಗೊಂಬೆ. ಬಿಳಿ ಬಟ್ಟೆ ಅಥವಾ ಟಿಶ್ಯೂ ಉಂಡೆ ಮಾಡಿ, ಕುತ್ತಿಗೆಗೆ ದಾರ ಕಟ್ಟಿ, ನಾಳೆ ಮಳೆ ಬರದಿರಲಿ ಎಂದು ಮಕ್ಕಳು ಕಿಟಕಿಗೆ ನೇತುಹಾಕುತ್ತಾರೆ. ಜೂನ್ ಅಲ್ಲಿ ‘ತ್ಸುಯು’, ಅಂದರೆ ಜಿಟಿಜಿಟಿ ಮಳೆಯ ಕಾಲ. ನೀವು ಬರುವ ದಿನ ಬಿಸಿಲಿರಲಿ ಎಂದು ಮಗು ಅದನ್ನು ಬರೆದಿದೆ. ಕೆಳಗಿನ ಗೀಚು ‘ಹರೆತೆ ನೆ’, ಬಿಸಿಲು ಬಾ ಎನ್ನುವ ಅರ್ಥ. ಅದರಲ್ಲಿ ಒಂದು ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿದೆ. ಅಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಅಂದರೆ ಮಗು ಅಕ್ಷರ ಕಲಿಯಲು ಶುರು ಮಾಡಿ ಎರಡು ತಿಂಗಳು. ಫೋನಿಗೆ ಗೊತ್ತಾಗದಿದ್ದರೆ ಆಶ್ಚರ್ಯವಿಲ್ಲ.

ಸರಿ, ಪತ್ರ. ನನ್ನ ಮುಖ್ಯ ಸಲಹೆ ಒಂದೇ. ಇಂಗ್ಲಿಷಿನಲ್ಲಿ ಯೋಚಿಸಿ ಜಪಾನಿಗೆ ತಿರುಗಿಸಬೇಡಿ. ಕನ್ನಡದಲ್ಲಿ ಯೋಚಿಸಿ. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಅನ್ನು, ಗೆ, ಇಂದ’ಗಳ ಕೆಲಸ ಮಾಡುವ ತುಣುಕುಗಳು ಪದದ ಹಿಂದೆ ಸೇರುತ್ತವೆ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ನಾವು ‘ಮಾಡಿ ಕೊಟ್ಟರು’, ‘ಮಾಡಿ ನೋಡ್ತೀನಿ’ ಅನ್ನುತ್ತೇವೆ. ಜಪಾನಿಯೂ ಹಾಗೇ ಒಂದು ಕ್ರಿಯೆಯ ಬಾಲಕ್ಕೆ ‘ಕೊಡು’, ‘ನೋಡು’ ಕಟ್ಟುತ್ತದೆ. ಕಾರ್ಡಿನಲ್ಲಿ ಆಕೆ ಬರೆದ ‘ತ್ಸುಕುತ್ತೆ ಮಿಮಸು’ ಪದಕ್ಕೆ ಪದ ‘ಮಾಡಿ ನೋಡುತ್ತೇನೆ’. ಇಂಗ್ಲಿಷಿನ ದಾರಿಯಲ್ಲಿ ಬಂದರೆ ಈ ‘ಕೊಡು’ ಬಿದ್ದುಹೋಗುತ್ತದೆ. ‘ನೀವು ಅಡುಗೆ ಮಾಡಿದಿರಿ, ಥ್ಯಾಂಕ್ಸ್’ ಎಂದಷ್ಟೇ ಉಳಿಯುತ್ತದೆ. ಜಪಾನಿ ಕಿವಿಗೆ ಅದು ಒಣ ಮಾತು. ನನಗಾಗಿ ಮಾಡಿದಿರಿ ಅನ್ನುವುದೆಲ್ಲ ಇರುವುದು ಆ ‘ಕೊಟ್ಟು’ವಿನಲ್ಲಿ.

ನಿಮ್ಮ ಮುಖ್ಯ ವಾಕ್ಯ ಹೀಗೆ:

ನಿಕು ಮೊ ಸಕನ ಮೊ ತ್ಸುಕವನಯ್ ರ್ಯೋರಿ ಒ ಮಯ್ನಿಚಿ ತ್ಸುಕುತ್ತೆ ಕುದಸತ್ತೆ, ಹೊಂತೋ ನಿ ಅರಿಗತೋ ಗೊಜಯ್ಮಶಿತ.

ಈಗ ಕನ್ನಡ ನೋಡಿ: ಮಾಂಸವೂ ಮೀನೂ ಬಳಸದ ಅಡುಗೆಯನ್ನು ದಿನಾ ಮಾಡಿ ಕೊಟ್ಟು, ನಿಜವಾಗಿ ಧನ್ಯವಾದ. ನಿಕು ಮೊ, ಮಾಂಸವೂ. ಸಕನ ಮೊ, ಮೀನೂ. ತ್ಸುಕವನಯ್, ಬಳಸದ. ಒಂದು ಪದವೂ ಜಾಗ ಬದಲಿಸಿಲ್ಲ. ಕೊನೆಯಲ್ಲಿ ‘ಗೊಜಯ್ಮಸು’ ಅಲ್ಲ, ‘ಗೊಜಯ್ಮಶಿತ’ ಎಂಬುದನ್ನು ಗಮನಿಸಿ. ಮುಗಿದುಹೋದ ಉಪಕಾರಕ್ಕೆ ಭೂತಕಾಲದಲ್ಲಿ ಥ್ಯಾಂಕ್ಸ್ ಹೇಳುತ್ತಾರೆ. ಪಾಠದ ಪುಸ್ತಕದ ಮೊದಲ ಪುಟದಲ್ಲಿರುವ ರೂಪವನ್ನು ಇಲ್ಲಿ ಹಾಕುವುದು ತುಂಬಾ ಜನ ಮಾಡುವ ತಪ್ಪು.

ಆದರೆ ಕನ್ನಡವನ್ನು ನಂಬಿಕೊಂಡು ಹೋಗುವಾಗ ಒಂದು ಹಳ್ಳ ಇದೆ. ಅದು ನಿಮ್ಮ ಚಿತ್ರಾನ್ನದ ಹತ್ತಿರ. ನಮಗೆ ‘ಕೊಡು’ ಒಂದೇ. ಅವರು ಮಾಡಿಕೊಟ್ಟರು, ನಾನೂ ಮಾಡಿಕೊಟ್ಟೆ. ಜಪಾನಿಯಲ್ಲಿ ಎರಡು. ನನ್ನ ಕಡೆಗೆ ಬರುವುದು ‘ಕುರೆರು’, ಅದರ ಮರ್ಯಾದೆಯ ರೂಪ ‘ಕುದಸರು’. ನನ್ನಿಂದ ಆಚೆ ಹೋಗುವುದು ‘ಅಗೆರು’. ಹಾಗಾದರೆ ‘ಚಿತ್ರಾನ್ನ ತ್ಸುಕುತ್ತೆ ಅಗೆಮಶಿತ’ ಎಂದು ಬರೆಯಬಹುದಲ್ವಾ? ವ್ಯಾಕರಣ ಸರಿ, ಬರೆಯಬಾರದು. ನಾನು ನಿಮಗೆ ಉಪಕಾರ ಮಾಡಿದೆ ಎಂದು ಎತ್ತಿ ಆಡಿದ ಹಾಗಾಗುತ್ತದೆ. ಅದೂ ನಮಗಿಂತ ಹಿರಿಯರಿಗೆ. ಮಾತನ್ನು ತಿರುಗಿಸಿ ಅವರ ಕಡೆಯಿಂದ ಹೇಳಬೇಕು:

ಚಿತ್ರಾನ್ನ ಒ ತಬೆತೆ ಕುದಸತ್ತೆ, ಉರೆಶಿಕತ್ತ ದೆಸು.

ಪದಕ್ಕೆ ಪದ ಹೇಳಿದರೆ ‘ಚಿತ್ರಾನ್ನವನ್ನು ತಿಂದು ಕೊಟ್ಟು, ಖುಷಿಯಾಯಿತು’. ಕನ್ನಡದಲ್ಲಿ ಯಾರೂ ‘ತಿಂದುಕೊಟ್ಟರು’ ಅನ್ನುವುದಿಲ್ಲ. ನೀವು ಮಾಡಿದ ಅಡುಗೆಗೆ ತಿಂದವರಿಗೇ ಥ್ಯಾಂಕ್ಸ್ ಹೇಳುವುದು ನಮಗೆ ಸ್ವಲ್ಪ ಅತಿ ಅನ್ನಿಸಬಹುದು. ಅಲ್ಲಿ ಅದೇ ಸಹಜ. ನಿಮ್ಮ ಪತ್ರದಲ್ಲಿ ಕನ್ನಡದ ದಾರಿ ಕೈಕೊಡುವ ಮುಖ್ಯ ಜಾಗ ಇದೊಂದೇ.

ಪತ್ರದ ಕ್ರಮಕ್ಕೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ನಿಮ್ಮ ಅಜ್ಜನ ಕಾಲದ ಕಾಗದ ನೋಡಿದ್ದರೆ ಗೊತ್ತಿರುತ್ತದೆ: ಉಭಯ ಕುಶಲೋಪರಿ ಸಾಂಪ್ರತ, ಇಲ್ಲಿ ಮಳೆ ಬೆಳೆ ಹೀಗಿದೆ, ಆಮೇಲೆ ವಿಷಯ, ಕೊನೆಗೆ ಆರೋಗ್ಯ ನೋಡಿಕೊಳ್ಳಿ. ಜಪಾನಿ ಪತ್ರವೂ ಋತುವಿನಿಂದ ಶುರುವಾಗಿ, ಯೋಗಕ್ಷೇಮ ಹೇಳಿ, ವಿಷಯಕ್ಕೆ ಬಂದು, ಆರೋಗ್ಯದ ಹಾರೈಕೆಯಲ್ಲಿ ಮುಗಿಯುತ್ತದೆ. ಗಂಭೀರ ಪತ್ರಗಳಲ್ಲಿ ಮೊದಲಿಗೆ ‘ಹಯ್ಕೇಯ್’, ಕೊನೆಗೆ ‘ಕೇಯ್ಗು’ ಎಂದು ಜೋಡಿ ಪದ ಹಾಕುತ್ತಾರೆ. ನಿಮಗೆ ಬೇಡ, ಮನೆಮಗಳಂತೆ ಇದ್ದವರಿಗೆ ಅದು ಆಫೀಸಿನ ಕಾಗದದಂತೆ ಕಾಣುತ್ತದೆ. ‘ಝೆನ್ರ್ಯಕು’ ಎಂಬ ಇನ್ನೊಂದು ಪದ ಮಾದರಿ ಪತ್ರಗಳಲ್ಲಿ ಸಿಗಬಹುದು. ಕುಶಲ ಪ್ರಶ್ನೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ ಎಂದು ಅದರ ಅರ್ಥ. ಥ್ಯಾಂಕ್ಸ್ ಪತ್ರದಲ್ಲಿ ಅದನ್ನು ಹಾಕಲೇಬಾರದು.

ಪೂರ್ತಿ ಪತ್ರ ಹೀಗೆ ಬರಲಿ. ಓದಲು ಸುಲಭವಾಗಲೆಂದು ಕನ್ನಡ ಅಕ್ಷರದಲ್ಲೇ ಕೊಡುತ್ತಿದ್ದೇನೆ. ದೀರ್ಘ ಇರುವ ಕಡೆ ಮಾತ್ರ ದೀರ್ಘ ಬರೆದಿದ್ದೇನೆ, ಅದನ್ನು ಹಾಗೇ ಇಟ್ಟುಕೊಳ್ಳಿ.

ಒತೋಸನ್, ಒಕಾಸನ್ ಎ
(ಅಪ್ಪನಿಗೆ, ಅಮ್ಮನಿಗೆ)

ಒರೇಯ್ ಗ ಒಸೊಕು ನತ್ತೆ, ಸುಮಿಮಸೆನ್. ಬುಜಿ ನಿ ಇಂದೊ ನಿ ಕಯೆರಿಮಶಿತ.
(ಥ್ಯಾಂಕ್ಸ್ ಹೇಳುವುದು ತಡವಾಯಿತು, ಕ್ಷಮಿಸಿ. ಸುಖವಾಗಿ ಭಾರತಕ್ಕೆ ಬಂದು ಸೇರಿದೆ.)

ಸೊಚಿರ ವ ಮದ ಅಮೆ ದೆಸು ಕ. ಕೊಚಿರ ಮೊ ಮಯ್ನಿಚಿ ಅಮೆ ದೆಸು.
(ನಿಮ್ಮ ಕಡೆ ಇನ್ನೂ ಮಳೆಯೇ? ಇಲ್ಲೂ ದಿನಾ ಮಳೆ.)

ಇತದಯ್ತ ಕಾದೊ ಒ, ಕಯೆತ್ತೆ ಕರ ಮೋ ಇಚಿದೊ ಯೊಮಿಮಶಿತ.
(ನೀವು ಕೊಟ್ಟ ಕಾರ್ಡನ್ನು, ಬಂದ ಮೇಲೆ ಇನ್ನೊಂದು ಸಲ ಓದಿದೆ.)

ಇದಾದ ಮೇಲೆ ಮೇಲಿನ ‘ನಿಕು ಮೊ ಸಕನ ಮೊ’ ವಾಕ್ಯ. ಅದರ ಬೆನ್ನಿಗೇ:

ಕೊಂಬು ನೊ ದಶಿ ನೊ ಮಿಸೊ ಶಿರು ಗ ಇಚಿಬನ್ ಒಯ್ಶಿಕತ್ತ ದೆಸು.
(ಕೊಂಬು ದಶಿಯ ಮಿಸೊ ಸಾರು ಎಲ್ಲಕ್ಕಿಂತ ರುಚಿಯಾಗಿತ್ತು.)

ನಿಮಗೆ ನಿಜವಾಗಿ ಬೇರೆ ಯಾವುದೋ ಹೆಚ್ಚು ಹಿಡಿಸಿದ್ದರೆ ಅದನ್ನೇ ಬರೆಯಿರಿ, ಕೊಂಬು ಎಂಬ ಪದವನ್ನು ಮಾತ್ರ ಎಲ್ಲಾದರೂ ಸೇರಿಸಿ. ಆಮೇಲೆ ಚಿತ್ರಾನ್ನದ ವಾಕ್ಯ. ಆಮೇಲೆ ‘ನಿಮ್ಮ ಮನೆ ಅಂದುಕೊಳ್ಳಿ’ ಎಂದದ್ದಕ್ಕೆ ಉತ್ತರ:

ಜಿಬುನ್ ನೊ ಉಚಿ ನೊ ಯೋ ನಿ ಸುಗೊಸೆಮಶಿತ.
(ನನ್ನ ಮನೆಯಲ್ಲಿದ್ದ ಹಾಗೇ ಇರಲು ಆಯಿತು.)

ಒಸೆವ ನಿ ನರಿಮಶಿತ. ಮತ ಒ-ಅಯ್ ದೆಕಿರು ಹಿ ಒ ತನೊಶಿಮಿ ನಿ ಶಿತೆ ಇಮಸು. ದೋಜೊ ಒಗೆಂಕಿ ದೆ.
(ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಂಡಿರಿ. ಮತ್ತೆ ಭೇಟಿಯಾಗುವ ದಿನವನ್ನು ಎದುರು ನೋಡುತ್ತಿದ್ದೇನೆ. ಆರೋಗ್ಯವಾಗಿರಿ.)

ಈ ಕೊನೆಯ ಭಾಗದಲ್ಲಿ ಅವರ ಕಾರ್ಡಿನ ‘ತನೊಶಿಮಿ ನಿ ಶಿತೆ’ ಮತ್ತೆ ಬಂದಿದೆ, ಗಮನಿಸಿದಿರಾ? ಅವರು ನಿಮ್ಮನ್ನು ಎದುರು ನೋಡುತ್ತಿದ್ದೆವು ಎಂದಿದ್ದರು. ಈಗ ಅದೇ ಮಾತಿನಲ್ಲಿ ನೀವು ಹೇಳುತ್ತಿದ್ದೀರಿ. ನೀವು ಕಾರ್ಡನ್ನು ಸರಿಯಾಗಿ ಓದಿದ್ದೀರಿ ಎಂದು ಅವರಿಗೆ ಬೇರೆ ಹೇಳಬೇಕಾಗಿಲ್ಲ.

ತಾರೀಕು, ನಿಮ್ಮ ಹೆಸರು ಕೊನೆಗೆ. ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯುತ್ತಾರೆ. ನಿಮ್ಮ ಹೆಸರಿಗೆ ‘ಸನ್’ ಸೇರಿಸಬೇಡಿ, ಅದು ಬೇರೆಯವರಿಗೆ ಕೊಡುವ ಮರ್ಯಾದೆ. ಹೆಸರನ್ನು ಕಾರ್ಡಿನಲ್ಲಿ ಅವರು ಹೇಗೆ ಬರೆದಿದ್ದರೋ ಹಾಗೇ ಬರೆಯಿರಿ. ಅವರ ಅಕ್ಷರದಲ್ಲಿ ‘ಲ’ ಇಲ್ಲ. ಲತಾ ಅಲ್ಲಿ ‘ರತಾ’ ಆಗುತ್ತಾಳೆ. ತಿದ್ದಲು ಹೋಗಬೇಡಿ, ಐದು ದಿನ ಅವರು ಆ ಹೆಸರಿನಿಂದಲೇ ನಿಮ್ಮನ್ನು ಕರೆದಿದ್ದಾರೆ.

ಮಗುವಿಗೆ ಬೇರೆ ಸಣ್ಣ ಕಾಗದ ಬರೆಯಿರಿ. ದೊಡ್ಡವರ ಪತ್ರದಲ್ಲಿ ಕೊನೆಯ ಸಾಲಾಗಿ ಸೇರಿಸಬೇಡಿ. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ ಅಲ್ಲಿನ ಮಕ್ಕಳು ಕಲಿಯುವ ಚಿತ್ರಾಕ್ಷರ 80. ಜೂನ್‌ನಲ್ಲಿ ಅವು ಇನ್ನೂ ಬಂದಿರುವುದಿಲ್ಲ. ಹಾಗಾಗಿ ಪೂರ್ತಿ ಹಿರಗನದಲ್ಲಿ, ಅಂದರೆ ಉಚ್ಚಾರ ಬರೆಯುವ ಸರಳ ಅಕ್ಷರಗಳಲ್ಲಿ ಬರೆಯಿರಿ. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ, ಆದರೆ ಮಕ್ಕಳ ಪುಸ್ತಕಗಳಲ್ಲಿ ಬಿಡುತ್ತಾರೆ. ನೀವೂ ಬಿಡಿ.

ತೆರು ತೆರು ಬೋಜು ನೊ ಒಕಗೆ ದೆ, ನಿಚಿಯೋಬಿ ವ ಹರೆತ ನೆ. ಅರಿಗತೋ.

ಗೊಂಬೆಯ ದಯೆಯಿಂದ ಭಾನುವಾರ ಬಿಸಿಲು ಬಂತು, ಅಲ್ವಾ? ಥ್ಯಾಂಕ್ಸ್. ಆ ‘ನೆ’ ನಮ್ಮ ‘ಅಲ್ವಾ’ದ ತಮ್ಮ. ಮಗುವಿಗೆ ‘ಅರಿಗತೋ’ ಸಾಕು, ‘ಗೊಜಯ್ಮಶಿತ’ ಬೇಡ. ಯಾವ ದಿನ ಬಿಸಿಲಿತ್ತೋ ಆ ದಿನದ ಹೆಸರು ಹಾಕಿ. ಒಂದು ದಿನವೂ ಬಿಸಿಲೇ ಬರಲಿಲ್ಲವಾದರೆ ಗೊಂಬೆಗೆ ಸುಳ್ಳು ಕೀರ್ತಿ ಕೊಡಬೇಡಿ, ಮಕ್ಕಳು ಹಿಡಿದುಬಿಡುತ್ತಾರೆ. ಆಗ ಅದೇ ಗೊಂಬೆಯ ಚಿತ್ರ ಬರೆದು ‘ಅರಿಗತೋ’ ಎಂದಷ್ಟೇ ಬರೆಯಿರಿ.

ಇನ್ನು ಕೈಬರಹ. ಫೋನಿನಲ್ಲಿ ಜಪಾನಿ ಕೀಬೋರ್ಡ್ ಹಾಕಿ, ಮೇಲಿನ ವಾಕ್ಯಗಳನ್ನು ಟೈಪ್ ಮಾಡಿ, ಅಕ್ಷರ ನೋಡಿಕೊಂಡು ಕೈಯಲ್ಲಿ ಬರೆಯಿರಿ. ಎರಡು ಕಡೆ ಹುಷಾರು. ಒಂದು, ದೀರ್ಘ. ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮ, ಆಂಟಿ. ‘ಒಬಾಸನ್’ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಇಲ್ಲಿ ಜಾರುತ್ತಾರೆ. ಕನ್ನಡದವರಿಗೆ ಹ್ರಸ್ವ ದೀರ್ಘ ಕಿವಿಯಲ್ಲೇ ಇದೆ, ಆದ್ದರಿಂದ ಕನ್ನಡದಲ್ಲಿ ಬರೆದಿಟ್ಟುಕೊಂಡೇ ಟೈಪ್ ಮಾಡಿ. ಎರಡು, ಅಕ್ಷರದ ಆಕಾರ. ಪರದೆಯ ಮೇಲೆ ಹಿರಗನದ ‘ಸ’, ‘ಕಿ’ ಒಂದೇ ಗೀಟಿನಲ್ಲಿ ಸುತ್ತಿ ಬಂದ ಹಾಗೆ ಕಾಣುತ್ತವೆ. ಕೈಯಲ್ಲಿ ಬರೆಯುವಾಗ ಕೆಳಗಿನ ಬಿಲ್ಲು ಬಿಡಿಯಾಗಿರುತ್ತದೆ. ಪರದೆಯದನ್ನೇ ನಕಲು ಮಾಡಿದರೆ ಓದಲು ಬರುತ್ತದೆ, ಆದರೆ ಅಚ್ಚಿನ ಅಕ್ಷರವನ್ನು ಚಿತ್ರದಂತೆ ಬಿಡಿಸಿದ ಹಾಗೆ ಕಾಣುತ್ತದೆ. ಶಾಲಾ ಪುಸ್ತಕದಲ್ಲಿ ಬಳಸುವ ‘ಕ್ಯೋಕಶೊತಯ್’ ಎಂಬ ಅಕ್ಷರಶೈಲಿ ಸಿಗುತ್ತದೆ, ಅದರಲ್ಲಿ ಕೈಬರಹದ ಆಕಾರವೇ ಇರುತ್ತದೆ. ಚಿತ್ರಾಕ್ಷರ ಬರದ ಕಡೆ ಹಿರಗನದಲ್ಲೇ ಬರೆದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ತಪ್ಪು ಚಿತ್ರಾಕ್ಷರಕ್ಕಿಂತ ಸರಿಯಾದ ಹಿರಗನ ಮೇಲು.

ಅಡ್ಡ ಸಾಲಿನಲ್ಲಿ ಬರೆಯಿರಿ, ಮೇಲಿಂದ ಕೆಳಗೆ ಬರೆಯುವ ಸಾಹಸ ಬೇಡ. ನೀಲಿ ಅಥವಾ ಕಪ್ಪು ಪೆನ್ನು. ಕೆಂಪು ಶಾಯಿಯಲ್ಲಿ ಪತ್ರ ಬರೆಯುವುದು ಅಲ್ಲಿ ಒರಟುತನ. ಮೊದಲು ಪೆನ್ಸಿಲಿನಲ್ಲಿ ಬರೆದು ಮೇಲೆ ಪೆನ್ನಾಡಿಸಿ, ಒಣಗಿದ ಮೇಲೆ ಪೆನ್ಸಿಲ್ ಅಳಿಸಿ. ಎಲ್ಲರೂ ಇರುವ ಒಂದೆರಡು ಫೋಟೊ ತೊಳೆಸಿ ಒಳಗಿಡಿ. ದುಬಾರಿ ಉಡುಗೊರೆ ಕಳಿಸಬೇಡಿ. ಉಡುಗೊರೆ ಬಂದರೆ ಅದಕ್ಕೆ ತಿರುಗಿ ಏನಾದರೂ ಕಳಿಸಬೇಕು ಎಂಬ ಕಟ್ಟುಪಾಡು ಅಲ್ಲಿ ಬಲವಾಗಿದೆ. ನೀವು ಥ್ಯಾಂಕ್ಸ್ ಹೇಳಲು ಹೋಗಿ ಅವರ ತಲೆಗೆ ಸಾಲ ಹೊರಿಸಿದ ಹಾಗಾಗುತ್ತದೆ. ನನ್ನನ್ನು ಕೇಳಿದರೆ, ಕೊನೆಯಲ್ಲಿ ಮೂವರ ಹೆಸರನ್ನೂ ಕನ್ನಡದಲ್ಲಿ ಬರೆದು ಕಳಿಸಿ. ಅವರೂ ಅವರ ಅಕ್ಷರದಲ್ಲಿ ನಿಮ್ಮ ಹೆಸರು ಬರೆದಿದ್ದರಲ್ಲ.

ಲಕೋಟೆ ಮೇಲೆ ಏಳು ಅಂಕಿಯ ಪಿನ್ ಸಂಖ್ಯೆ ತಪ್ಪದೆ ಇರಲಿ. ವಿಳಾಸವನ್ನು ಜಪಾನಿಯಲ್ಲಿ ಬರೆದರೆ ಕ್ರಮ ನಮ್ಮದಕ್ಕೆ ಉಲ್ಟಾ: ಪ್ರಾಂತ್ಯ, ಊರು, ಬಡಾವಣೆ, ಮನೆ ಸಂಖ್ಯೆ, ಕೊನೆಗೆ ಹೆಸರು. ಲಕೋಟೆಯ ಮೇಲೆ ಹೆಸರಿನ ಕೊನೆಗೆ ‘ಸನ್’ ಅಲ್ಲ, ‘ಸಮ’ ಹಾಕಬೇಕು. ದೇಶದ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯಿರಿ, ಶಿವಮೊಗ್ಗದ ಅಂಚೆಯವರಿಗೆ ಬೇಕಾದ್ದು ಅಷ್ಟೇ. ಅವರ ವಿಳಾಸ ನಿಮ್ಮ ಹತ್ತಿರ ಇಲ್ಲದಿದ್ದರೆ ಕಾರ್ಯಕ್ರಮ ನಡೆಸಿದವರಿಗೆ ಕಳಿಸಿ. ಕೆಲವು ಕಡೆ ಮನೆಯವರ ವಿಳಾಸ ಕೊಡುವುದಿಲ್ಲ, ಆದರೆ ಪತ್ರವನ್ನು ತಲುಪಿಸುತ್ತಾರೆ. ಹಾಗೆ ಕಳಿಸುವಾಗ ಒಳಗಿನ ಲಕೋಟೆಯನ್ನು ಅಂಟಿಸಿ, ಮೇಲೆ ಮನೆಯವರ ಹೆಸರು ಬರೆದು, ಇನ್ನೊಂದು ದೊಡ್ಡ ಲಕೋಟೆಯಲ್ಲಿಡಿ.